ಕರೆಂಟ್ ಹೋದ ಮಧ್ಯಾಹ್ನ, ಮೂರು ಎಚ್ಚರಿಕೆಗಳು

ಏಪ್ರಿಲ್ ಕೊನೆಯ ವಾರ ರಾಯಚೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಿಂದ ಫೋನ್ ಬಂತು. “ಸರ್, ನಮ್ಮ ಸ್ವಿಚ್ ಒಂದೇ ಸಮ ಅಲಾರಂ ಕೊಡ್ತಿದೆ. ಫ್ಯಾನ್ ಹೋಗಿದೆ, ಪವರ್ ಸಪ್ಲೈ ಹೋಗಿದೆ, ಒಳಗೆ ಸಿಕ್ಕಾಪಟ್ಟೆ ಬಿಸಿ ಆಗಿದೆ ಅಂತ ತೋರಿಸ್ತಿದೆ. ಹೊಸ ಪವರ್ ಸಪ್ಲೈಗೆ ಕೊಟೇಶನ್ ತರಿಸಿದ್ದೀವಿ, ಇಡೀ ಸ್ವಿಚ್ಚೇ ಬದಲಾಯಿಸಬೇಕಾ?” ಎಂದು ಲ್ಯಾಬ್ ನೋಡಿಕೊಳ್ಳುವವರು ಕೇಳಿದರು. ನಾನು ಬರುವವರೆಗೆ ಅದನ್ನು ಆಫ್ ಮಾಡಿ ಆನ್ ಮಾಡಬೇಡಿ ಎಂದಷ್ಟೇ ಹೇಳಿದೆ.

ಸ್ವಿಚ್ ಅಂದರೆ ಇಲ್ಲಿ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ. ಕಟ್ಟಡದ ಕಂಪ್ಯೂಟರ್, ಕ್ಯಾಮೆರಾ, ವೈಫೈ ಪೆಟ್ಟಿಗೆಗಳ ತಂತಿಗಳೆಲ್ಲ ಬಂದು ಸೇರುವ ಚಪ್ಪಟೆ ಯಂತ್ರ. ಆ ಕಾಲೇಜಿನಲ್ಲಿದ್ದದ್ದು ಕ್ಯಾಟಲಿಸ್ಟ್ 9300 ಎಂಬ ಮಾದರಿ. ಅದರ ಹಿಂಬದಿಯಲ್ಲಿ ಮೂರು ಫ್ಯಾನ್‌ಗಳೂ ಎರಡು ಪವರ್ ಸಪ್ಲೈಗಳೂ ಇರುತ್ತವೆ. ಸ್ವಿಚ್ ಓಡುತ್ತಿರುವಾಗಲೇ ಇವುಗಳನ್ನು ಒಂದೊಂದಾಗಿ ಹೊರಗೆಳೆದು ಮತ್ತೆ ಕೂರಿಸಬಹುದು.

ಆಫ್ ಮಾಡಬೇಡಿ ಎಂದದ್ದಕ್ಕೆ ಕಾರಣವಿದೆ. ಯಾವ ಎಚ್ಚರಿಕೆ ಎಷ್ಟು ಗಂಟೆಗೆ ಬಂತು ಎಂಬುದನ್ನು ಸ್ವಿಚ್ ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಬೇರೆ ಸರ್ವರ್‌ಗೆ ಕಳಿಸುವ ಏರ್ಪಾಟು ಇಲ್ಲದಿದ್ದರೆ, ಒಮ್ಮೆ ಆಫ್ ಮಾಡಿದೊಡನೆ ಎಲ್ಲ ಅಳಿಸಿಹೋಗುತ್ತದೆ. ರೋಗಿಯ ಜ್ವರದ ಪಟ್ಟಿಯನ್ನು ಹರಿದು ಎಸೆದು ಆಮೇಲೆ ಡಾಕ್ಟರನ್ನು ಕರೆದ ಹಾಗೆ. ಹೋದೊಡನೆ ಮೊದಲು ಕೊಟ್ಟದ್ದು ಈ ಮೂರು ಆಜ್ಞೆ:

```
show clock
show logging
show env all
```

ಮೊದಲನೆಯದು ಸ್ವಿಚ್ಚಿನ ಗಡಿಯಾರ ಸರಿಯಿದೆಯೇ ಎಂದು ನೋಡುವುದಕ್ಕೆ. ಗಡಿಯಾರವೇ ತಪ್ಪಿದ್ದರೆ ದಾಖಲೆಯ ಹೊತ್ತನ್ನು ನಂಬುವಂತಿಲ್ಲ. ಇಲ್ಲಿ ಸರಿಯಾಗಿತ್ತು. ದಾಖಲೆ ಓದುತ್ತ ಹೋದಂತೆ ಕತೆ ಬಿಚ್ಚಿಕೊಂಡಿತು. ಮಧ್ಯಾಹ್ನ 1:40ಕ್ಕೆ ಬಿ ಪವರ್ ಸಪ್ಲೈ ಹೋಯಿತು. 2:25ಕ್ಕೆ ಬಿಸಿಯ ಎಚ್ಚರಿಕೆ. 3:10ಕ್ಕೆ ಬಿ ಪವರ್ ಸಪ್ಲೈ ತಾನಾಗಿಯೇ ಸರಿಹೋಯಿತು. ಬಿಸಿ ಮಾತ್ರ ನಾಲ್ಕು ಗಂಟೆ ದಾಟುವವರೆಗೂ ಇಳಿಯಲಿಲ್ಲ. ಹಿಂದಿನ ದಿನದ್ದೂ ಹೆಚ್ಚುಕಡಿಮೆ ಇದೇ ಕತೆ.

ಕೆಟ್ಟ ಪವರ್ ಸಪ್ಲೈ ಯಾರೂ ಮುಟ್ಟದೆ ಒಂದೂವರೆ ಗಂಟೆಯಲ್ಲಿ ವಾಸಿಯಾಗುವುದು ಅಪರೂಪ. “ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿತ್ತಾ?” ಎಂದು ಕೇಳಿದೆ. “ಹೌದು ಸರ್, ಈ ವಾರ ದಿನಾ ಊಟದ ಹೊತ್ತಿಗೆ ಹೋಗ್ತಿದೆ” ಎಂದರು.

ರ‍್ಯಾಕಿನ ಹಿಂದೆ ಬಗ್ಗಿ ನೋಡಿದರೆ ಎ ಪವರ್ ಸಪ್ಲೈನ ವೈರು ಯುಪಿಎಸ್‌ಗೆ ಹೋಗಿತ್ತು, ಬಿಯದು ನೇರವಾಗಿ ಗೋಡೆಯ ಪ್ಲಗ್ಗಿಗೆ. ಇದು ತಪ್ಪಲ್ಲ. ಯುಪಿಎಸ್ ಕೈಕೊಟ್ಟರೂ ಸ್ವಿಚ್ ಬದುಕಿರಲಿ ಎಂದು ಹಾಗೆ ಹಾಕುವುದು ಒಳ್ಳೆಯದೇ. ಆದರೆ ಕರೆಂಟ್ ಹೋದಾಗಲೆಲ್ಲ ಬಿ ಕೂಗಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲ್ಯಾಬಿನವರು ತೆಗೆದಿಟ್ಟ ಫೋಟೊದಲ್ಲಿ ಬಿ ಎದುರು `No Input Power` ಎಂದೇ ಇತ್ತು. ನನಗೆ ಕರೆಂಟೇ ಬರುತ್ತಿಲ್ಲ ಎಂಬುದು ಅದರ ದೂರು. ತಾನು ಕೆಟ್ಟಿದ್ದೇನೆ ಎಂದು ಅದು ಹೇಳಿರಲೇ ಇಲ್ಲ.

ಪರದೆ ನೋಡಲಾಗದಿದ್ದರೂ ಪವರ್ ಸಪ್ಲೈ ಮೇಲಿನ ಎರಡು ಪುಟ್ಟ ದೀಪಗಳು ಇದನ್ನು ತಿಳಿಸುತ್ತವೆ. `AC OK` ದೀಪ ಆರಿದ್ದರೆ ಹುಡುಕಬೇಕಾದದ್ದು ಪ್ಲಗ್ಗು, ವೈರು, ಎಂಸಿಬಿಗಳಲ್ಲಿ. ಕಸ ಗುಡಿಸುವಾಗ ವೈರು ಅರ್ಧ ಕಿತ್ತುಬಂದಿರುವುದನ್ನೂ ನಾನು ಬಹಳ ಸಲ ಕಂಡಿದ್ದೇನೆ. `AC OK` ಹಸಿರಾಗಿದ್ದು `PS OK` ಕೆಂಪಾಗಿದ್ದರೆ ಆಗ ಪವರ್ ಸಪ್ಲೈಯನ್ನೇ ಅನುಮಾನಿಸಬೇಕು. ಒಮ್ಮೆ ವೈರು ಬಿಚ್ಚಿ, ಅದನ್ನು ಹೊರಗೆಳೆದು, ಬಿಗಿಯಾಗಿ ಕೂರಿಸಿ ನೋಡಿ. ಆಮೇಲೂ ಕೆಂಪೇ ಇದ್ದರೆ ಕೊಟೇಶನ್ ತರಿಸುವುದು ನ್ಯಾಯ. ಒಂದು ಎಚ್ಚರಿಕೆ: ಬಿ ಸತ್ತಿರುವಾಗ ಪರೀಕ್ಷೆಗೆಂದು ಎಯ ವೈರನ್ನು ಕಿತ್ತು ಬಿಗೆ ಹಾಕಲು ಹೋಗಬೇಡಿ. ಇಡೀ ಕಟ್ಟಡದ ನೆಟ್‌ವರ್ಕ್ ಆ ಕ್ಷಣವೇ ಆರಿಹೋಗುತ್ತದೆ. ಬೇರೆ ವೈರು ತನ್ನಿ, ಪ್ಲಗ್ಗನ್ನು ಟೇಬಲ್ ದೀಪ ಹಾಕಿ ಪರೀಕ್ಷಿಸಿ.

ಇನ್ನು ಬಿಸಿ. ಮರುದಿನ ಕರೆಂಟ್ ಹೋಗುವ ಹೊತ್ತಿಗೆ ಅಲ್ಲೇ ಕೂತು ಕಾದೆ. ಮುಕ್ಕಾಲು ಗಂಟೆಯಲ್ಲಿ ಪರದೆ ಹೀಗಿತ್ತು:

```
Inlet Temperature Value: 47 Degree Celsius
Temperature State: YELLOW
Yellow Threshold : 46 Degree Celsius
Red Threshold    : 56 Degree Celsius
```

ಇನ್‌ಲೆಟ್ ಎಂದರೆ ಸ್ವಿಚ್ ಒಳಗೆಳೆದುಕೊಳ್ಳುವ ಗಾಳಿಯ ಬಿಸಿ. ಇದರ ಕೆಳಗೆ ಹಾಟ್‌ಸ್ಪಾಟ್ ಎಂಬ ಇನ್ನೊಂದು ಲೆಕ್ಕ ಬರುತ್ತದೆ, ಅದು ಒಳಗಿನ ಚಿಪ್ಪುಗಳ ಹತ್ತಿರದ ಬಿಸಿ. ಅದರ ಹಳದಿ ಗೆರೆಯೇ 105 ಡಿಗ್ರಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಇನ್‌ಲೆಟ್ ತಣ್ಣಗಿದ್ದು ಹಾಟ್‌ಸ್ಪಾಟ್ ಮಾತ್ರ ಏರಿದ್ದರೆ ದೋಷ ಪೆಟ್ಟಿಗೆಯ ಒಳಗೆ, ಅಂದರೆ ಧೂಳು ಅಥವಾ ಫ್ಯಾನಿನಲ್ಲಿ. ಇನ್‌ಲೆಟ್ಟೇ ಏರಿದ್ದರೆ ದೋಷ ಕೋಣೆಯದು. ಅಂಥ ಕೋಣೆಗೆ ಹೊಸ ಸ್ವಿಚ್ ತಂದಿಟ್ಟರೆ ಅದೂ 47 ಡಿಗ್ರಿಯ ಗಾಳಿಯನ್ನೇ ಉಸಿರಾಡುತ್ತದೆ.

ಇದರಲ್ಲೂ ಒಂದು ಒಳಸುಳಿಯಿದೆ. ಹತ್ತು ಹದಿನೈದು ರೂಪಾಯಿಯ ದಾರದಲ್ಲಿ ಒಂದು ಮಾಮೂಲಿ ಥರ್ಮಾಮೀಟರನ್ನು ರ‍್ಯಾಕಿನ ಎದುರು, ಎರಡು ಹೆಜ್ಜೆ ದೂರದಲ್ಲಿ ತೂಗುಹಾಕಿ. ಅದು 28 ಎನ್ನುತ್ತಿರುವಾಗ ಇನ್‌ಲೆಟ್ 40 ಎಂದರೆ, ಹಿಂದಿನಿಂದ ಹೊರಬಿದ್ದ ಬಿಸಿಗಾಳಿಯೇ ಸುತ್ತಿ ಮುಂದಕ್ಕೆ ಬರುತ್ತಿದೆ ಎಂದರ್ಥ. ರ‍್ಯಾಕನ್ನು ಗೋಡೆಯಿಂದ ಸರಿಸಿ, ಖಾಲಿ ಸಂದುಗಳಿಗೆ ತಗಡು ಮುಚ್ಚಿದರೆ ಸಾಕು. ಕಾಲೇಜಿನಲ್ಲಿ ಎರಡೂ ಒಟ್ಟಿಗೇ ಏರಿದ್ದವು. ಎಸಿ ಯುಪಿಎಸ್ ಮೇಲೆ ಇರಲಿಲ್ಲ, ಕರೆಂಟ್ ಹೋದೊಡನೆ ನಿಲ್ಲುತ್ತಿತ್ತು. ಸ್ವಿಚ್ಚೂ ಯುಪಿಎಸ್ಸೂ ಮುಚ್ಚಿದ ಕೋಣೆಯಲ್ಲಿ ಕಾಯುತ್ತಲೇ ಇದ್ದವು. ಕರೆಂಟ್ ಬಂದ ಮೇಲೂ ಎಸಿ ತಾನಾಗಿ ಶುರುವಾಗದೆ ಯಾರಾದರೂ ರಿಮೋಟ್ ಒತ್ತುವವರೆಗೆ ಸುಮ್ಮನಿರುತ್ತಿತ್ತು. ದಾಖಲೆಯಲ್ಲಿ 3:10ರಿಂದ ನಾಲ್ಕರವರೆಗೆ ಉಳಿದಿದ್ದ ಆ ಬಿಸಿಯ ಒಗಟು ಅಲ್ಲಿ ಬಿಡಿಸಿತು.

ಮೂರನೆಯದು ಫ್ಯಾನ್. ಸೆಕೆ ಏರಿದಂತೆ ಫ್ಯಾನ್‌ಗಳು ವೇಗವಾಗಿ ತಿರುಗಿ ಸದ್ದು ಮಾಡುವುದು ಅವುಗಳ ಕೆಲಸ, ಕೆಟ್ಟ ಲಕ್ಷಣವಲ್ಲ. ಆದರೆ ಇಲ್ಲಿ ಬೆಳಗಿನ ತಂಪಿನಲ್ಲೂ ಎರಡನೆಯ ಫ್ಯಾನಿನ ದೂರು ಹಾಗೇ ಇತ್ತು. ಹೊರಗೆಳೆದರೆ ರೆಕ್ಕೆಗಳಿಗೆ ಹತ್ತಿಯಂತೆ ಧೂಳು. ಬ್ರಷ್ಷಿನಿಂದ ಸ್ವಚ್ಛ ಮಾಡಿ, ಕಟಕ್ಕೆಂದು ಕೂರುವಂತೆ ತಳ್ಳಿದೆ. ದೂರು ಹೋಗಲಿಲ್ಲ. ಆಮೇಲೆ ಎರಡನೆಯದನ್ನು ಮೂರನೆಯ ಜಾಗಕ್ಕೆ, ಮೂರನೆಯದನ್ನು ಎರಡನೆಯ ಜಾಗಕ್ಕೆ ಅದಲುಬದಲು ಮಾಡಿದೆ. ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದೇ. ದೂರು ಫ್ಯಾನಿನ ಜೊತೆ ಹೊಸ ಜಾಗಕ್ಕೆ ಹೋದರೆ ಫ್ಯಾನ್ ಕೆಟ್ಟಿದೆ, ಹಳೆಯ ಜಾಗದಲ್ಲೇ ಉಳಿದರೆ ಸ್ವಿಚ್ಚೇ ಕೆಟ್ಟಿದೆ, ಆಗ ಎಷ್ಟು ಹೊಸ ಫ್ಯಾನ್ ತಂದರೂ ದಂಡ. ಕೋಣೆ ತಣ್ಣಗಿರುವಾಗ, ರ‍್ಯಾಕಿನ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಂಡು, ಒಂದು ಸಲಕ್ಕೆ ಒಂದನ್ನೇ ತೆಗೆದು ಬೇಗ ಹಾಕಬೇಕು.

ದೂರು ಮೂರನೆಯ ಜಾಗಕ್ಕೆ ಹೋಯಿತು. ಕಾಲೇಜು ಪವರ್ ಸಪ್ಲೈ ಕೊಟೇಶನ್ ಬದಿಗಿಟ್ಟು ಒಂದು ಫ್ಯಾನ್ ತರಿಸಿತು. ಕರೆಂಟ್ ಬಂದೊಡನೆ ತಾನೇ ಶುರುವಾಗುವಂತೆ ಎಸಿಯ ಸೆಟ್ಟಿಂಗ್ ಬದಲಾಯಿಸಿದರು, ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ ಅದನ್ನು ಯುಪಿಎಸ್‌ಗೆ ಜೋಡಿಸಿದರು. ಮುಂದಿನ ವಾರ ಅವರು ಕಳಿಸಿದ ದಾಖಲೆಯಲ್ಲಿ ಮಧ್ಯಾಹ್ನದ ಬಿ ಪವರ್ ಸಪ್ಲೈ ದೂರು ಎಂದಿನಂತೆ ಇತ್ತು. ಇನ್‌ಲೆಟ್ 43ಕ್ಕೆ ನಿಂತಿತ್ತು.