ಸಜ್ಜಾ ನೆರಳು ಒಂದಡಿ, ಕಿಟಕಿ ನಾಲ್ಕಡಿ

ಏಪ್ರಿಲ್ ಕೊನೆಯ ಒಂದು ಸಂಜೆ ನಮ್ಮ ಮಹಡಿಯ ಪಡುವಣ ಕಿಟಕಿ 'ಟಪ್' ಎಂದಿತು. ಮನೆಯಲ್ಲಿ ಯಾರೂ ಅದರ ಹತ್ತಿರ ಇರಲಿಲ್ಲ. ಹೋಗಿ ನೋಡಿದರೆ ಕಂದು ಬಣ್ಣದ ಗಾಜಿನಲ್ಲಿ ಪಕ್ಕದ ಚೌಕಟ್ಟಿನಿಂದ ಹೊರಟ ಬಿರುಕು, ಹೊಳೆಯ ಹಾಗೆ ಬಳುಕುತ್ತ ಎದುರು ಮೂಲೆ ಸೇರಿತ್ತು. ಗಾಜು ಹಾಕಿಕೊಟ್ಟವನಿಗೆ ಫೋನ್ ಮಾಡಿದೆ. "ಯಾರೋ ಹುಡುಗ್ರು ಬಾಲ್ ಹೊಡ್ದಿರ್ಬೇಕು ಬಿಡ್ರೀ ಸರ್" ಎಂದ.

ಬಾಲ್ ಬಿದ್ದ ಗಾಜು ಹಾಗೆ ಒಡೆಯುವುದಿಲ್ಲ. ಪೆಟ್ಟು ಬಿದ್ದ ಕಡೆ ಒಂದು ಚುಕ್ಕೆ, ಅದರ ಸುತ್ತ ನಕ್ಷತ್ರದಂತೆ ಗೆರೆಗಳು ಇರುತ್ತವೆ. ನಮ್ಮ ಗಾಜಿನ ಬಿರುಕು ಅಂಚಿನಿಂದ ಲಂಬಕೋನದಲ್ಲಿ ಒಂದೆರಡು ಅಂಗುಲ ನೆಟ್ಟಗೆ ಹೋಗಿ, ಆಮೇಲೆ ಬಳುಕಿತ್ತು. ಇದು ಬಿಸಿಲಿಗೆ ಒಡೆದ ಗಾಜಿನ ಗುರುತು. ಬಣ್ಣದ ಗಾಜು ಬಿಸಿಲನ್ನು ತಡೆಯುವುದೆಂದರೆ ಬಹುಪಾಲು ಹೀರಿಕೊಳ್ಳುವುದು. ಸಾಲದೆಂದು ನಾನು ಅದರ ಒಳಮೈಗೆ ಕಪ್ಪು ಫಿಲ್ಮ್ ಬೇರೆ ಅಂಟಿಸಿದ್ದೆ, ಅದರ ಹಿಂದೆ ದಪ್ಪ ಪರದೆಯನ್ನೂ ಎಳೆದಿದ್ದೆ. ಗಾಜಿನ ನಡುಭಾಗ ಕಾದ ಹೆಂಚಿನಂತಾಯಿತು. ಚೌಕಟ್ಟಿನೊಳಗೆ ಅಡಗಿದ ಅಂಚು ಮತ್ತು ಸಜ್ಜಾದ ನೆರಳಿನಲ್ಲಿದ್ದ ಮೇಲ್ಭಾಗ ತಣ್ಣಗೇ ಉಳಿದವು. ಹಿಗ್ಗಿದ ನಡುಭಾಗ ಹಿಗ್ಗದ ಅಂಚನ್ನು ಎಳೆಯಿತು. ಕೊಯ್ಯುವಾಗ ಅಂಚಿನಲ್ಲಿ ಉಳಿದಿದ್ದ ಯಾವುದೋ ಸಣ್ಣ ಕಚ್ಚು ಅಲ್ಲಿಂದಲೇ ಬಾಯಿ ಬಿಟ್ಟಿತು. ಅದೇ ಗಾಜನ್ನು ಟಫನ್ಡ್ ಮಾಡಿಸಿದ್ದರೆ ತಡೆದುಕೊಳ್ಳುತ್ತಿತ್ತು.

ಹೀಗೆ ನಾನು ಗಾಜಿನ ವಿಷಯ ತಿಳಿಯಲು ಹೊರಟೆ. ನಮ್ಮದು ದಾವಣಗೆರೆಯಲ್ಲಿ ಪಿ.ಬಿ. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯ ಮನೆ. ಕಿಟಕಿ ಐದಡಿ ಅಗಲ, ನಾಲ್ಕಡಿ ಎತ್ತರ. ಬಿಸಿಲು, ಬಸ್ಸಿನ ಹಾರ್ನು, ಕಳ್ಳರ ಭಯ ಮೂರೂ ಈ ಒಂದೇ ಕಿಟಕಿಯಲ್ಲಿ ಸೇರಿವೆ. ಅಂಗಡಿಗಳಲ್ಲಿ ಕೇಳಿದರೆ ಮೂರಕ್ಕೂ ಒಂದೇ ಮದ್ದು: "ಡಬಲ್ ಗ್ಲಾಸ್ ಹಾಕ್ಸಿಬಿಡ್ರೀ."

ಮೊದಲು ಬಿಸಿಲಿನ ಲೆಕ್ಕ ನೋಡೋಣ. ನಮ್ಮೂರು ಸುಮಾರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ಆಗ ಸಜ್ಜಾ ಚೆನ್ನಾಗಿ ಕೆಲಸ ಮಾಡುತ್ತದೆ. ಸಂಜೆ ನಾಲ್ಕೂವರೆಗೆ ಅವನು ದಿಗಂತದಿಂದ ಸುಮಾರು ಮೂವತ್ತು ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಆಗ ಎರಡಡಿ ಸಜ್ಜಾದ ನೆರಳು ಗೋಡೆಯ ಮೇಲೆ ಒಂದಡಿಗಿಂತ ಚೂರು ಹೆಚ್ಚು ಇಳಿಯುತ್ತದೆ, ಅಷ್ಟೆ. ಐದೂವರೆಗೆ ಅದೂ ಅರ್ಧ ಅಡಿಗೆ ಕುಗ್ಗುತ್ತದೆ. ಉಳಿದ ಮೂರು ಮೂರೂವರೆ ಅಡಿ ಗಾಜು ಬಟಾಬಯಲು.

ಆ ಹೊತ್ತಿಗೆ ಪಡುವಣ ಗೋಡೆಯ ಒಂದು ಚದರ ಮೀಟರಿಗೆ ಆರುನೂರು ವ್ಯಾಟಿನಷ್ಟು ಬಿಸಿಲು ಬೀಳುತ್ತದೆ ಎಂದು ಹಿಡಿಯಿರಿ. ನಮ್ಮ ಇಪ್ಪತ್ತು ಚದರ ಅಡಿಯ ಕಿಟಕಿಯಲ್ಲಿ, ನೆರಳನ್ನು ಬಿಟ್ಟು ಲೆಕ್ಕ ಹಾಕಿದರೆ, ಸಾದಾ ಗಾಜಿನ ಮೂಲಕ ಸುಮಾರು ಒಂಬೈನೂರು ವ್ಯಾಟ್ ಒಳಗೆ ಬರುತ್ತದೆ. ಕಾಯಿಲ್ ಒಲೆಯೊಂದನ್ನು ಉರಿಸಿ ಮಂಚದ ಪಕ್ಕ ಇಟ್ಟಂತೆ. ಬಣ್ಣದ ಗಾಜು ಹಾಕಿದರೆ ಅದು ಆರುನೂರೈವತ್ತರ ಆಸುಪಾಸಿಗೆ ಇಳಿಯುತ್ತದೆ. ಆದರೆ ಗಾಜು ತಾನೇ ಕಾದು ಕೋಣೆಯತ್ತ ಝಳ ಬೀರುತ್ತದೆ, ಒಳಮೈ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ಬೆಳಕೂ ಕಡಿಮೆಯಾಗಿ ಹಗಲಲ್ಲೇ ದೀಪ ಹಾಕಬೇಕು. ಇನ್ನು ಎರಡು ಸಾದಾ ಗಾಜಿನ ನಡುವೆ ಗಾಳಿ ತುಂಬಿದ ಡಬಲ್ ಗ್ಲಾಸಿನಲ್ಲೂ ಎಂಟುನೂರರ ಹತ್ತಿರ ಒಳಗೆ ಬರುತ್ತದೆ. ಬಿಸಿಲಿಗೆ ಗಾಜು ಒಂದಾದರೇನು ಎರಡಾದರೇನು, ತಿಳಿಯಾಗಿದ್ದರೆ ದಾಟಿ ಬರುತ್ತದೆ.

ಡಬಲ್ ಗ್ಲಾಸು ತಡೆಯುವುದು ಬೇರೆಯದನ್ನು. ಹೊರಗಿನ ಗಾಳಿ 38 ಡಿಗ್ರಿ, ಏಸಿ ಹಾಕಿದ ಕೋಣೆ 26 ಡಿಗ್ರಿ ಇದ್ದಾಗ, ಆ ಅಂತರದಿಂದಾಗಿ ಗಾಜಿನ ಮೂಲಕ ಸೋರುವ ಶಾಖವನ್ನು ಅದು ಅರ್ಧ ಮಾಡುತ್ತದೆ. ನಮ್ಮ ಕಿಟಕಿಯಲ್ಲಿ ಆ ಸೋರಿಕೆ ಒಂಟಿ ಗಾಜಿಗೆ ನೂರಮೂವತ್ತು ವ್ಯಾಟ್, ಡಬಲ್‌ಗೆ ಅರವತ್ತು ಚಿಲ್ಲರೆ. ಹೊರಗೆ ಹಿಮ, ಒಳಗೆ ಹೀಟರ್ ಇರುವ ದೇಶಗಳಲ್ಲಿ ಈ ಉಳಿತಾಯ ತಿಂಗಳುಗಟ್ಟಲೆ ಹಗಲೂ ರಾತ್ರಿ ಸಿಗುತ್ತದೆ. ಸಂಜೆ ಏಳಕ್ಕೆ ಕಿಟಕಿ ತೆರೆದು ಫ್ಯಾನ್ ಹಾಕುವ ನಮ್ಮ ಮನೆಗಳಿಗೆ ಅಷ್ಟು ದುಡ್ಡು ಸುರಿಯಲು ಇದು ಕಾರಣವೇ ಅಲ್ಲ. ಗಾಜಿನಲ್ಲೇ ಬಿಸಿಲು ತಡೆಯಬೇಕೆಂದರೆ ಕೇಳಬೇಕಾದ್ದು ಸೋಲಾರ್ ಕಂಟ್ರೋಲ್ ಲೇಪನದ ಗಾಜನ್ನು. ಅಂಗಡಿಯವರ ಹತ್ತಿರ ಕಂಪನಿಯ ಕಾಗದ ಇರುತ್ತದೆ, ಅದರಲ್ಲಿ SHGC ಎಂಬ ಸಂಖ್ಯೆ ನೋಡಿ. ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆಂದು ಅದು ಹೇಳುತ್ತದೆ. ಸಾದಾ ಗಾಜಿಗೆ 0.8, ಒಳ್ಳೆಯ ಲೇಪನಕ್ಕೆ 0.3ರ ಆಸುಪಾಸು.

ಅದಕ್ಕಿಂತ ಅಗ್ಗದ್ದು ಹೊರಗಡೆ ಇಳಿಬಿಡುವ ಬಿದಿರಿನ ತಟ್ಟಿ. ಒಳಗಿನ ಪರದೆ ಬಿಸಿಲನ್ನು ಹಿಡಿಯುವ ಹೊತ್ತಿಗೆ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ. ತಟ್ಟಿ ಗಾಜು ಮುಟ್ಟುವ ಮೊದಲೇ ತಡೆಯುತ್ತದೆ. ನಾನು ಕೊನೆಗೆ ಕಟ್ಟಿದ್ದು ಅದನ್ನೇ. ಮನೆಯ ಮುಂಭಾಗದ ಅಂದ ಕೆಟ್ಟಿತು ಎಂದು ಹೆಂಡತಿಯ ತಕರಾರು ಈಗಲೂ ಇದೆ. ಅಂದಹಾಗೆ ಮೇಲೆ ಬರೀ ಆರ್‌ಸಿಸಿ ತಾರಸಿ ಇರುವ ಕೋಣೆಯಾದರೆ ಗಾಜಿನ ಮಾತಿಗಿಂತ ಮೊದಲು ತಾರಸಿಯ ಮಾತಾಡಿ.

ಶಬ್ದದ ಪಾಠ ನನಗೆ ಆದದ್ದು ಹರಿಹರದಲ್ಲಿ. ನಮ್ಮಕ್ಕನ ಮನೆ ರೈಲು ಹಳಿಯಿಂದ ದೂರವಿಲ್ಲ. ಭಾವ ಆಸೆಪಟ್ಟು ಡಬಲ್ ಗ್ಲಾಸ್ ಹಾಕಿಸಿದ್ದರು: ಎರಡೂ ಗಾಜು ಐದೈದು ಎಂಎಂ, ನಡುವೆ ಹನ್ನೆರಡು ಎಂಎಂ ಗಾಳಿ, ಸ್ಲೈಡಿಂಗ್ ಚೌಕಟ್ಟು. ರಾತ್ರಿ ಗೂಡ್ಸ್ ಗಾಡಿ ಬಂದಾಗ ಮೊದಲಿಗೂ ಈಗಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. "ಇಷ್ಟ್ ದುಡ್ಡು ಹಾಕಿ ಏನ್ ಬಂತು ಹೇಳು ಮಾರಾಯ" ಎಂದರು ಭಾವ. ಊದುಬತ್ತಿ ಹಚ್ಚಿ ಕಿಟಕಿಯ ಅಂಚಿಗೆ ಹಿಡಿದೆ. ಎರಡು ಬಾಗಿಲು ಸೇರುವ ನಡುಪಟ್ಟಿಯಲ್ಲಿ ಹೊಗೆ ಸರ್ರನೆ ಒಳಗೆ ಬಾಗಿತು. ಸ್ಲೈಡಿಂಗ್ ಕಿಟಕಿ ಸರಿಯಬೇಕಾದರೆ ಸಂದು ಬೇಕು, ಆ ಸಂದಿನಲ್ಲಿ ಇರುವುದು ಬ್ರಷ್ಷಿನಂಥ ಎಳೆಗಳು ಮಾತ್ರ. ಗಾಳಿ ನುಗ್ಗುವಲ್ಲಿ ಶಬ್ದವೂ ನುಗ್ಗುತ್ತದೆ. ಕಿಟಕಿಯ ನೂರರಲ್ಲಿ ಒಂದು ಪಾಲು ಸಂದು ಬಿಟ್ಟರೂ ಸಾಕು, ಗಾಜು ಎಂಥದ್ದೇ ಇರಲಿ, ಇಪ್ಪತ್ತು ಡೆಸಿಬೆಲ್ಲಿಗಿಂತ ಹೆಚ್ಚು ತಡೆ ಸಿಗುವುದಿಲ್ಲ. ಒಳ್ಳೆಯ ಗಾಜು ಬಿಗಿಯಾಗಿ ಕೂತರೆ ಮೂವತ್ತೈದರವರೆಗೆ ತಡೆಯಬಲ್ಲದು. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಶಬ್ದ ಅರ್ಧವಾದಂತೆ ಕೇಳುತ್ತದೆ ಎಂದರೆ ಆ ಸಂದಿನ ಬೆಲೆ ತಿಳಿಯುತ್ತದೆ.

ಎರಡನೆಯ ತಪ್ಪು ಗಾಜಿನದೇ. ಸಮದಪ್ಪದ ಎರಡು ಗಾಜು, ನಡುವೆ ಕಿರಿದಾದ ಗಾಳಿ ಇದ್ದರೆ ಆ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಭಾವನ ಮನೆಯ ಅಳತೆಗೆ ಅದು ಸೆಕೆಂಡಿಗೆ ಸುಮಾರು ಇನ್ನೂರಿಪ್ಪತ್ತು ಸಲ ಕಂಪಿಸುವ ಸ್ವರಕ್ಕೆ ತಾಳ ಹಾಕುತ್ತದೆ. ರೈಲಿನ, ಲಾರಿಯ ಗುಡುಗುಡು ಇರುವುದೇ ಆ ಕೆಳಸ್ವರಗಳಲ್ಲಿ. ಹಾಗಾಗಿ ಮಕ್ಕಳ ಕೂಗು ಕಡಿಮೆಯಾಗಿತ್ತು, ಗೂಡ್ಸ್ ಗಾಡಿ ಹಾಗೇ ಬರುತ್ತಿತ್ತು. ಅಲ್ಲಿ ಕೊನೆಗೆ ಮಾಡಿದ್ದು ಸರಳ ಕೆಲಸ. ಒಂಬತ್ತು ಅಂಗುಲದ ಗೋಡೆಯಲ್ಲಿ ಹೊರಗಿನ ಕಿಟಕಿ ಇದ್ದಲ್ಲೇ ಇರಲಿ ಎಂದು ಬಿಟ್ಟು, ಒಳಬದಿಗೆ ನಾಲ್ಕು ಅಂಗುಲ ಅಂತರದಲ್ಲಿ ಬಾಗಿಲಿನಂತೆ ತೆರೆಯುವ, ಸುತ್ತ ರಬ್ಬರ್ ಇರುವ ಇನ್ನೊಂದು ಕಿಟಕಿ ಕೂರಿಸಿದರು. ಅಂತರ ಹೆಚ್ಚಿದಷ್ಟೂ ಆ ತಾಳ ಇನ್ನೂ ಕೆಳಕ್ಕೆ, ಕಿವಿ ಅಷ್ಟಾಗಿ ಹಿಡಿಯದ ಸ್ವರಕ್ಕೆ ಇಳಿಯುತ್ತದೆ. ಈಗ ಹಾರ್ನು ದೂರದಿಂದ ಬಂದಂತೆ ಕೇಳುತ್ತದೆ. ನೆಲದ ಮೂಲಕ ಬರುವ ಅದುರು ಮಾತ್ರ ಹಾಗೇ ಇದೆ, ಅದಕ್ಕೆ ಯಾವ ಗಾಜೂ ಮದ್ದಲ್ಲ. ಹೊಳೆಯ ಗಾಳಿಗೆಂದು ಕಿಟಕಿ ತೆರೆದು ಮಲಗುವ ರಾತ್ರಿ ಇಷ್ಟೆಲ್ಲ ಮಾಡಿದ್ದೂ ಲೆಕ್ಕಕ್ಕಿಲ್ಲ.

ಕಳ್ಳರ ವಿಷಯದಲ್ಲಿ ಜನ ತಪ್ಪು ತಿಳಿದಿರುವುದು ಟಫನ್ಡ್ ಗಾಜನ್ನು. ಸಾದಾ ಗಾಜನ್ನು ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ ಥಟ್ಟನೆ ಗಾಳಿ ಹೊಡೆದು ತಣಿಸಿದರೆ ಅದು ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ, ನಿಜ. ಕೈ ಬಡಿದರೆ, ಮಗು ಎಡವಿ ಬಿದ್ದರೆ ಸುಲಭಕ್ಕೆ ಒಡೆಯದು. ಒಡೆದರೂ ಕಲ್ಲುಸಕ್ಕರೆಯಂಥ ಚೂರುಗಳಾಗುತ್ತದೆ, ಕತ್ತಿಯಂಥ ಸೀಳು ಇರುವುದಿಲ್ಲ. ಬಚ್ಚಲುಮನೆಗೆ, ಬಾಗಿಲಿಗೆ, ಮೊಣಕಾಲಿನ ಮಟ್ಟಕ್ಕೆ ಇಳಿದ ಕಿಟಕಿಗೆ ಅದೇ ಸರಿ. ಆದರೆ ಮೊನೆಯುಳ್ಳ ಗಟ್ಟಿ ವಸ್ತುವಿನಿಂದ ಒಂದು ಕಡೆ ಕುಟುಕಿದರೆ ಇಡೀ ಹಲಗೆ ಒಮ್ಮೆಗೇ ಸುರಿದುಬೀಳುತ್ತದೆ. ಗ್ರಿಲ್ ಇಲ್ಲದ ಕಿಟಕಿಗೆ ಬರೀ ಟಫನ್ಡ್ ಹಾಕಿದರೆ ಕಳ್ಳನಿಗೆ ಬಾಗಿಲು ತೆರೆದುಕೊಟ್ಟಂತೆ.

ಅವನ ಕೈ ಕಟ್ಟುವುದು ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪಿವಿಬಿ ಎಂಬ ತೆಳು ಪೊರೆ ಅಂಟಿಸಿರುತ್ತಾರೆ, ಕಾರಿನ ಮುಂದಿನ ಗಾಜಿನಂತೆ. ಒಡೆದರೂ ಚೂರು ಪೊರೆಗೆ ಕಚ್ಚಿಕೊಂಡು ಹಲಗೆ ಅಲ್ಲೇ ನಿಲ್ಲುತ್ತದೆ. ತೂತು ಮಾಡಲು ಮತ್ತೆ ಮತ್ತೆ ಬಡಿಯಬೇಕು, ಸದ್ದಾಗಬೇಕು, ಹೊತ್ತು ಹಿಡಿಯಬೇಕು. ಅಂಗಡಿಯಲ್ಲಿ "ಸಿಕ್ಸ್ ಪಾಯಿಂಟ್ ತ್ರೀ ಏಟ್" ಎಂದರೆ ಮೂರು ಎಂಎಂನ ಎರಡು ಗಾಜು, ನಡುವೆ 0.38 ಎಂಎಂ ಪೊರೆ. ಚೂರು ಉದುರದಂತೆ ಹಿಡಿಯಲು ಅದು ಸಾಕು, ಕಳ್ಳನನ್ನು ತಡೆಯಲು ಪೊರೆ 0.76 ಅಥವಾ 1.52 ಇರಲಿ. ಎರಡೂ ಗಾಜು ಟಫನ್ಡ್ ಆಗಿರುವ ಲ್ಯಾಮಿನೇಟೆಡ್ ಇನ್ನೂ ಭದ್ರ ಎಂದು ಮಾರುತ್ತಾರೆ. ಎರಡೂ ಪುಡಿಯಾದರೆ ಅದು ಒದ್ದೆ ಕಂಬಳಿಯಂತೆ ಜೋತುಬಿದ್ದು ಚೌಕಟ್ಟಿನಿಂದ ಕಳಚಬಹುದು, ಸಾದಾ ಗಾಜಿನದು ಬಿರುಕು ಬಿಟ್ಟರೂ ಸೆಟೆದು ನಿಲ್ಲುತ್ತದೆ. ಆ ಪೊರೆ ಗಾಜಿನ ಅದುರನ್ನೂ ನುಂಗುವುದರಿಂದ ಬೀದಿಯ ಸದ್ದಿಗೂ ಇದು ಅಷ್ಟೇ ದಪ್ಪದ ಒಂಟಿ ಗಾಜಿಗಿಂತ ಮೇಲು. ಒಂದು ಖರ್ಚಿನಲ್ಲಿ ಎರಡು ಕೆಲಸ.

ಹಳೆಯ ಮನೆಗಳಲ್ಲಿ ಚದರ ಸರಳಿನ ಗ್ರಿಲ್ ಇದೆಯಲ್ಲ, ಅಲ್ಲಿ ಕಳ್ಳನ ಚಿಂತೆ ಗ್ರಿಲ್ಲಿಗೆ ಬಿಡಿ, ಗಾಜಿಗೆ ಖರ್ಚು ಬೇಡ. ಗ್ರಿಲ್ ಬೇಡವೆಂದು ಹೊಸದಾಗಿ ಕಟ್ಟುವವರು ಗಾಜಿನ ಜೊತೆ ಬೀಡಿಂಗ್ ಯಾವ ಕಡೆ ಇದೆ ನೋಡಿ. ಗಾಜು ಹಿಡಿದಿರುವ ಪಟ್ಟಿ ಹೊರಗಡೆ ಇದ್ದರೆ ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ಇಡೀ ಗಾಜನ್ನೇ ಸದ್ದಿಲ್ಲದೆ ಇಳಿಸಿಟ್ಟು ಬರಬಹುದು.

ನಮ್ಮ ಮಹಡಿಗೆ ಹಾಗಾಗಿ ಬಂದದ್ದು ಹೀಗೆ: ನಾಲ್ಕು ಎಂಎಂನ ಎರಡು ಗಾಜು, ನಡುವೆ 0.76 ಪೊರೆ, ಹೊರಕ್ಕೆ ತೆರೆಯುವ ಯುಪಿವಿಸಿ ಬಾಗಿಲು, ಒಳಗಡೆ ಬೀಡಿಂಗ್, ಸುತ್ತ ರಬ್ಬರ್, ಹೊರಗೆ ಒಂದೂವರೆ ಅಡಿ ಬಿಟ್ಟು ತಟ್ಟಿ. ಡಬಲ್ ಇಲ್ಲ, ಬಣ್ಣ ಇಲ್ಲ. ಇಂಥ ಕಿಟಕಿ ಭಾರ, ಗಾಜೊಂದೇ ಮೂವತ್ತೇಳು ಕಿಲೋ ಆದೀತು. ಅದಕ್ಕೇ ಎರಡು ಬಾಗಿಲಾಗಿ ಮಾಡಿಸಿ, ಹೆಚ್ಚುವರಿ ಕೀಲು ಹಾಕಿಸಿದೆವು.

ಗಾಜು ಬಂದ ದಿನ ಕಣ್ಣಿಟ್ಟು ಅಂಚು ನೋಡಿದೆ. ಎರಡು ಹಸಿರು ಗೆರೆಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆ ಇತ್ತು, ಅದು ಪೊರೆ. ಟಫನ್ಡ್ ತರಿಸಿದವರು ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಹುಡುಕಬೇಕು, ಸಂದೇಹವಿದ್ದರೆ ಪೋಲರಾಯ್ಡ್ ತಂಪು ಕನ್ನಡಕ ಹಾಕಿ ಓರೆಯಾಗಿ ನೋಡಿದರೆ ಚಿರತೆಯ ಮೈಯಂಥ ಮಚ್ಚೆಗಳು ಕಾಣುತ್ತವೆ. ಟಫನ್ಡ್ ಗಾಜಿಗೆ ಮೊದಲೇ ಸರಿಯಾಗಿ ಅಳತೆ ತೆಗೆಸಬೇಕು, ಒಂದು ನೂಲು ಹೆಚ್ಚಾದರೂ ಆಮೇಲೆ ಕೊಯ್ಯಲಾಗದು. ಕೂರಿಸಲು ಬಂದ ಹುಡುಗ ಸಿಲಿಕೋನ್ ಟ್ಯೂಬ್ ಕತ್ತರಿಸಿದ ಕೂಡಲೇ ಕೋಣೆಯೆಲ್ಲ ವಿನಿಗರ್ ವಾಸನೆ ಹರಡಿತು. ಆ ಹುಳಿ ಪೊರೆಯ ಅಂಚಿಗೆ ತಗುಲಿದರೆ ದಿನ ಕಳೆದಂತೆ ಅಂಚು ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. "ನ್ಯೂಟ್ರಲ್ ತಗಂಬಾ ತಮ್ಮಾ" ಎಂದೆ. ಅವನು ಒಮ್ಮೆ ನನ್ನ ಮುಖ, ಒಮ್ಮೆ ಟ್ಯೂಬು ನೋಡಿ, ಬೈಕ್ ಹತ್ತಿ ಅಂಗಡಿಗೆ ವಾಪಸ್ ಹೋದ.