ಸ್ಟಾಕ್ ಆ್ಯಪ್ ಬೇಕು ಅಂದರೆ ಏನು ಬೇಕು?

‘ಅಂಗಡಿ ಸ್ಟಾಕ್ ನೋಡ್ಕೊಳ್ಳೋಕೆ ಒಂದು ಆ್ಯಪ್ ಮಾಡಿಸಬೇಕು’ ಎನ್ನುವ ಮಾತು ಈಗ ಸಣ್ಣ ಊರಿನ ಅಂಗಡಿಗಳಲ್ಲೂ ಕೇಳಿಬರುತ್ತದೆ. ಮಾಡಿಕೊಡಲು ಒಪ್ಪುವವರು ಸಾಮಾನ್ಯವಾಗಿ ಮನೆಯ ಮಕ್ಕಳು, ಇಲ್ಲವೇ ಪರಿಚಯದ ಎಂಜಿನಿಯರ್. ‘ಏನೇನು ಬೇಕು’ ಎಂದು ಅವರು ಕೇಳಿದ ಕೂಡಲೇ ಪಟ್ಟಿ ಬೆಳೆಯತೊಡಗುತ್ತದೆ: ಬಾರ್‌ಕೋಡ್, ಜಿಎಸ್‌ಟಿ ಬಿಲ್, ಉದ್ರಿ ಲೆಕ್ಕ, ತಿಂಗಳ ಲಾಭ, ಗೋಡೌನಿನ ಮಾಲು. ಯಾವುದೂ ಬೇಡದ್ದಲ್ಲ. ಆದರೆ ಎಲ್ಲಕ್ಕೂ ಒಟ್ಟಿಗೆ ಕೈಹಾಕಿದರೆ ತಿಂಗಳುಗಟ್ಟಲೆ ಕಳೆದರೂ ಅಂಗಡಿಯಲ್ಲಿ ಬಳಸುವಂಥದ್ದು ಏನೂ ಕೈಗೆ ಬರುವುದಿಲ್ಲ.

ಆದ್ದರಿಂದ ‘ಏನೇನು ಬೇಕು’ ಎಂಬ ಪ್ರಶ್ನೆಯನ್ನೇ ಬಿಡಬೇಕು. ‘ಕಳೆದ ವಾರ ಯಾವ ಗಿರಾಕಿಯನ್ನು ಮಾಲಿಲ್ಲ ಅಂತ ವಾಪಸ್ ಕಳಿಸಿದಿರಿ?’ ಎಂದು ಕೇಳಿ. ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಾಲೀಕರು ನೆನಪಿಸಿಕೊಂಡು ಹೇಳುತ್ತಾರೆ: ‘ಕೆಂಪು ವೈರ್ ಖಾಲಿಯಾಗಿತ್ತು, ಎಲೆಕ್ಟ್ರಿಷಿಯನ್ ಎದುರಿನ ಅಂಗಡಿಗೆ ಹೋದ. ಹೋಲ್‌ಸೇಲ್‌ನವನು ಬಂದ ದಿನ ಅದು ಮುಗೀತಾ ಬಂದಿದೆ ಅಂತ ನೆನಪೇ ಆಗಲಿಲ್ಲ.’ ಕೆಲಸ ಆರಂಭವಾಗಬೇಕಾದದ್ದು ಇಲ್ಲಿಂದ. ಹೋಲ್‌ಸೇಲ್‌ನವರು ಬಂದು ನಿಂತಾಗ ‘ಇವತ್ತು ಏನು ತರಿಸಬೇಕು’ ಎಂಬುದಕ್ಕೆ ಉತ್ತರ ಸಿಕ್ಕರೆ ಮೊದಲ ಆವೃತ್ತಿ ತನ್ನ ಕೆಲಸ ಮಾಡಿತು ಎನ್ನಬಹುದು. ಈ ಉತ್ತರಕ್ಕೆ ನೆರವಾಗದ ಯಾವುದೂ ಅದರಲ್ಲಿ ಇರಬೇಕಾಗಿಲ್ಲ.

ಇಲ್ಲಿ ಒಂದು ದೊಡ್ಡ ತೊಡಕಿದೆ. ದಾಸ್ತಾನು ಲೆಕ್ಕ ಸರಿಯಿರಬೇಕಾದರೆ ಮಾರಿದ್ದನ್ನೆಲ್ಲ ಬರೆಯಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಕಾಲು ಕೆಜಿ ಹೋಗುತ್ತದೆ, ವೈರು ಏಳು ಮೀಟರ್, ಪೈಪು ಐದು ಅಡಿ. ಬೆಳಗ್ಗೆ ಹತ್ತು ಗಂಟೆಗೆ ಮೇಸ್ತ್ರಿಗಳು ಸುತ್ತುವರಿದಿರುವಾಗ ಇದನ್ನೆಲ್ಲ ಫೋನಿನಲ್ಲಿ ಒತ್ತುತ್ತಾ ಕೂರಲು ಯಾರಿಗೂ ಆಗದು. ಎರಡು ದಿನ ಒತ್ತುತ್ತಾರೆ, ಮೂರನೇ ದಿನ ಬಿಡುತ್ತಾರೆ. ಅಲ್ಲಿಂದ ಮುಂದೆ ಆ್ಯಪ್ ತೋರಿಸುವ ಸಂಖ್ಯೆಗೆ ಅರ್ಥವಿರುವುದಿಲ್ಲ. ಅಂಗಡಿ ಆ್ಯಪ್‌ಗಳು ಮೂಲೆ ಸೇರುವುದು ಬಹುಪಾಲು ಈ ಜಾಗದಲ್ಲೇ.

ಇದಕ್ಕೆ ಪರಿಹಾರ ಬಿಡಿ ಮಾರಾಟವನ್ನು ಲೆಕ್ಕಕ್ಕೇ ಹಿಡಿಯದಿರುವುದು. 90 ಮೀಟರಿನ ವೈರ್ ಕಾಯಿಲ್ ಒಡೆದ ಕ್ಷಣವೇ ‘ಒಂದು ಕಾಯಿಲ್ ಹೋಯಿತು’ ಎಂದು ಒತ್ತಿಬಿಡುವುದು. ಮೊಳೆಯ ಡಬ್ಬ ತೆರೆದಾಗಲೂ ಅಷ್ಟೇ. ಕಾಯಿಲಿನಲ್ಲಿ ಇನ್ನೂ ಎಷ್ಟು ಮೀಟರ್ ಉಳಿದಿದೆ ಎಂಬುದು ಆ್ಯಪ್‌ಗೆ ಬೇಡ. ತರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಒಡೆಯದ ಕಾಯಿಲ್ ಎಷ್ಟಿವೆ ಎಂದು ಗೊತ್ತಾದರೆ ಸಾಕು. ಇದರಿಂದ ದಿನಕ್ಕೆ ಇನ್ನೂರು ಸಲ ಒತ್ತುವ ಕಡೆ ಹತ್ತು ಸಲ ಒತ್ತಿದರೆ ಆಯಿತು. ಅಡಿ, ಮೀಟರ್, ಗ್ರಾಮುಗಳ ಲೆಕ್ಕ ಬರೆಯುವ ಕಷ್ಟವೂ ಆ್ಯಪ್ ಮಾಡುವವರಿಗೆ ತಪ್ಪುತ್ತದೆ. ಎಷ್ಟು ಬಿಡಿ ಮಾರಾಟವಾಯಿತು ಎಂಬ ಮಾಹಿತಿ ಇದರಲ್ಲಿ ಸಿಗುವುದಿಲ್ಲ, ನಿಜ. ಆ ನಷ್ಟವನ್ನು ಮಾಲೀಕರಿಗೆ ಮೊದಲೇ ಬಿಡಿಸಿ ಹೇಳಿ ಒಪ್ಪಿಸಬೇಕು.

ಈಗ ಪಟ್ಟಿ ಬರೆಯಬಹುದು. ಪ್ರತಿ ಸೌಲಭ್ಯವನ್ನೂ ಅಂಗಡಿಯಲ್ಲಿ ನಿಂತು ಪರೀಕ್ಷಿಸಬಹುದಾದ ವಾಕ್ಯವಾಗಿ ಬರೆಯಬೇಕು. ‘ಸ್ಟಾಕ್ ನಿರ್ವಹಣೆ’ ಎಂದು ಬರೆದರೆ ಅದು ಮುಗಿಯಿತೋ ಇಲ್ಲವೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಈ ಅಂಗಡಿಗೆ ಐದು ವಾಕ್ಯ ಸಾಕು:

ಮಾಲೀಕರು ಹೊಸ ಸಾಮಾನು ಸೇರಿಸಬಹುದು: ಹೆಸರು, ಅಳತೆ (ಕಾಯಿಲ್, ಡಬ್ಬ, ಪೈಪ್), ಕನಿಷ್ಠ ಎಷ್ಟಿರಬೇಕು.
ಮಾಲು ಬಂದಾಗ ಸಾಮಾನು ಆರಿಸಿ ಎಷ್ಟು ಬಂತೆಂದು ನಮೂದಿಸಬಹುದು.
ಡಬ್ಬ ಅಥವಾ ಕಾಯಿಲ್ ಒಡೆದಾಗ ಒಂದೇ ಗುಂಡಿ ಒತ್ತಿ ಒಂದನ್ನು ಕಳೆಯಬಹುದು.
ಕೈಯಾರೆ ಎಣಿಸಿ, ವ್ಯತ್ಯಾಸವಿದ್ದರೆ ಕಾರಣದೊಂದಿಗೆ ಸರಿಪಡಿಸಬಹುದು.
ಕನಿಷ್ಠ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದ ಸಾಮಾನುಗಳೆಲ್ಲ ಒಂದೇ ಪರದೆಯಲ್ಲಿ ಕಾಣುತ್ತವೆ.

ಹೊಸ ಸಾಮಾನು ಸೇರಿಸುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಇಲ್ಲದಿದ್ದರೆ ಒಬ್ಬರು ‘ಅರ್ಧ ಇಂಚು ಎಲ್ಬೋ’ ಎಂದು, ಇನ್ನೊಬ್ಬರು ‘ಎಲ್ಬೋ 1/2’ ಎಂದು ಸೇರಿಸಿ ಒಂದೇ ಮಾಲು ಎರಡು ಕಡೆ ಹಂಚಿಹೋಗುತ್ತದೆ.

ಈ ಐದರ ಒಳಗೆ ಒಂದು ತೀರ್ಮಾನ ಅಡಗಿದೆ. ‘ಈಗ ಎಷ್ಟಿದೆ’ ಎಂಬ ಸಂಖ್ಯೆಯನ್ನು ಯಾರೂ ನೇರವಾಗಿ ತಿದ್ದಬಾರದು. ಬಂದದ್ದು, ಹೋದದ್ದು ಮಾತ್ರ ದಾಖಲಾಗಬೇಕು. ಉಳಿದದ್ದನ್ನು ಆ್ಯಪ್ ಕೂಡಿಸಿ ತೋರಿಸಬೇಕು. 1.5 ಚದರ ಮಿಮೀ ಕೆಂಪು ವೈರ್ ಶುರುವಿನಲ್ಲಿ 6 ಕಾಯಿಲ್ ಇತ್ತು ಅನ್ನೋಣ. ಮೂರು ಒಡೆದವು, 3 ಉಳಿಯಿತು. 10 ಬಂದವು, 13 ಆಯಿತು. ಶನಿವಾರ ಎಣಿಸಿದರೆ ಕಪಾಟಿನಲ್ಲಿರುವುದು 12. ಆಗ 13ನ್ನು ಅಳಿಸಿ 12 ಎಂದು ಬರೆದರೆ ಕಾಣೆಯಾದ ಕಾಯಿಲಿನ ಸುಳಿವೇ ಇಲ್ಲದಾಗುತ್ತದೆ. ‘ಒಂದು ಕಮ್ಮಿ, ಎಣಿಕೆಯಲ್ಲಿ ವ್ಯತ್ಯಾಸ’ ಎಂದು ದಾಖಲಿಸಿದರೆ, ಇದೇ ವೈರ್ ಪ್ರತಿ ವಾರ ಕಮ್ಮಿ ಬರುತ್ತಿರುವುದು ಮುಂದೊಮ್ಮೆ ಕಣ್ಣಿಗೆ ಬೀಳುತ್ತದೆ. ಒಡೆದಾಗ ಒತ್ತಲು ಮರೆಯುತ್ತಿದ್ದಾರೋ, ಬೇರೇನಾದರೂ ನಡೆಯುತ್ತಿದೆಯೋ ಎಂದು ಆಗ ವಿಚಾರಿಸಬಹುದು.

ಕನಿಷ್ಠ ಮಟ್ಟವನ್ನೂ ಊಹೆಯ ಮೇಲೆ ಇಡಬಾರದು. ಈ ವೈರ್ ವಾರಕ್ಕೆ ಎರಡು ಕಾಯಿಲ್ ಹೋಗುತ್ತದೆ. ಹೋಲ್‌ಸೇಲ್‌ನವರು ಬರುವುದು ವಾರಕ್ಕೊಮ್ಮೆ, ಆರ್ಡರ್ ಕೊಟ್ಟ ಮೇಲೆ ಮಾಲು ತಲುಪಲು ಮೂರು ದಿನ. ಅಂದರೆ ಅವರು ಇವತ್ತು ಬಂದು ಹೋದ ಬೆನ್ನಿಗೇ ಮಾಲು ಕಮ್ಮಿಯಾದರೆ ಹತ್ತು ದಿನ ಕಾಯಬೇಕು. ಹತ್ತು ದಿನಕ್ಕೆ ಹೆಚ್ಚುಕಮ್ಮಿ ಮೂರು ಕಾಯಿಲ್, ಇರಲಿ ಎಂದು ಮೇಲೊಂದು, ಒಟ್ಟು 4. ಮೇಲಿನ ಲೆಕ್ಕದಲ್ಲಿ ಎರಡನೇ ಕಾಯಿಲ್ ಒಡೆದು 4 ಉಳಿದಾಗಲೇ ಕೆಂಪು ವೈರ್ ತರಿಸಬೇಕಾದ ಪಟ್ಟಿಗೆ ಬಂದಿರುತ್ತದೆ.

ಬಿಟ್ಟದ್ದನ್ನೂ ಕಾರಣ ಸಹಿತ ಬರೆದಿಡಬೇಕು, ಇಲ್ಲವಾದರೆ ಅದು ವಾರಕ್ಕೊಮ್ಮೆ ಮಾತಿನ ನಡುವೆ ತಿರುಗಿ ನುಸುಳುತ್ತದೆ. ಜಿಎಸ್‌ಟಿ ಬಿಲ್ ಈಗ ಬೇಡ, ಏಕೆಂದರೆ ಬಿಲ್ ಎಂದರೆ ಕಾನೂನಿನ ಕಾಗದ, ಅಲ್ಲಿ ತಪ್ಪಾಗುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿದಾಗ ಬಿಲ್ ಹಾಕುವ ವ್ಯವಸ್ಥೆಗಳನ್ನೆಲ್ಲ ಅದೇ ದಿನಕ್ಕೆ ಬದಲಿಸಬೇಕಾಯಿತು. ಮೂಟೆ ಎಣಿಸುವ ಆ್ಯಪ್‌ಗೆ ಆ ಗೊಡವೆಯಿಲ್ಲ. ಬಾರ್‌ಕೋಡ್ ಬೇಡ, ಬಿಡಿ ಎಲ್ಬೋ, ನಟ್ಟು, ಬೋಲ್ಟುಗಳ ಮೇಲೆ ಅದು ಇರುವುದೇ ಅಪರೂಪ. ಎರಡು ಫೋನಿನಲ್ಲಿ ಬಳಸುವುದೂ ಬೇಡ. ನೆಟ್ ಇಲ್ಲದಾಗ ಇಬ್ಬರೂ ಒತ್ತಿದ್ದನ್ನು ಆಮೇಲೆ ತಪ್ಪಿಲ್ಲದೆ ಕೂಡಿಸುವುದು ಉಳಿದೆಲ್ಲ ಕೆಲಸಕ್ಕಿಂತ ಕಠಿಣ. ಗಲ್ಲಾ ಪಕ್ಕದ ಒಂದೇ ಫೋನು ಸಾಕು. ಆದರೆ ಆ ಫೋನು ಕಳೆದರೆ ಲೆಕ್ಕವೂ ಹೋದಂತೆ. ಹಾಗಾಗಿ ದಿನವೂ ರಾತ್ರಿ ದಾಖಲೆಯ ಪ್ರತಿ ಮಾಲೀಕರ ಇಮೇಲ್‌ಗೆ ಹೋಗುವ ಏರ್ಪಾಡನ್ನು ಆರನೆಯದಾಗಿ ಸೇರಿಸಲೇಬೇಕು.

ಆ್ಯಪ್ ಬರೆಯುವ ಮೊದಲು ಇಷ್ಟನ್ನೂ ಗೂಗಲ್ ಶೀಟ್‌ನಲ್ಲಿ ಒಂದು ವಾರ ನಡೆಸಿ ನೋಡಬಹುದು. ಒಂದು ಕಾಲಂನಲ್ಲಿ ದಿನಾಂಕ, ಎರಡನೆಯದರಲ್ಲಿ ಸಾಮಾನು, ಮೂರನೆಯದರಲ್ಲಿ ಶುರುವಿನಲ್ಲಿ ಇದ್ದದ್ದು 6, ಬಂದರೆ 10, ಒಡೆದರೆ -1. ಉಳಿದದ್ದು ಎಷ್ಟು ಎಂದು ಪಕ್ಕದ ಖಾಲಿ ಮನೆಯಲ್ಲಿ ಹೀಗೆ ಕೇಳಬಹುದು:

```
=SUMIF(B:B,"ಕೆಂಪು ವೈರ್ 1.5",C:C)
```

ಅಂಗಡಿಯಲ್ಲಿ ಸಾವಿರ ಬಗೆಯ ಸಾಮಾನಿದ್ದರೂ ಈ ವಾರಕ್ಕೆ ಹೆಚ್ಚು ಓಡುವ ಮೂವತ್ತನ್ನು ಮಾತ್ರ ಆರಿಸಿಕೊಳ್ಳಿ. ವಾರದ ಕೊನೆಗೆ ಮೂವತ್ತನ್ನೂ ಎಣಿಸಿ ಶೀಟಿನ ಜೊತೆ ತಾಳೆ ನೋಡಿ. ಬಹುತೇಕ ಹೊಂದಿದರೆ ಆ್ಯಪ್ ಬರೆಯಲು ಕೂರಬಹುದು. ಅರ್ಧಕ್ಕರ್ಧ ತಪ್ಪಿದರೆ ಅಂಗಡಿಯಲ್ಲಿ ಒತ್ತುವ ಅಭ್ಯಾಸ ಕೂಡಿಬಂದಿಲ್ಲ ಎಂದರ್ಥ. ಡಬ್ಬ ಒಡೆಯುವವರು ಯಾರು, ಫೋನು ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೊದಲು ಸರಿಮಾಡಿಕೊಳ್ಳಿ. ಅಲ್ಲಿಯವರೆಗೆ ಆ್ಯಪ್‌ಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.