ಪುಡಿಗೂದಲು ಮತ್ತು ಅಗಲವಾದ ಬೈತಲೆ

ಮದುವೆ ಆಲ್ಬಮ್ಮಿನಲ್ಲಿ ಹೆಚ್ಚು ತಿದ್ದುಪಡಿ ಬೇಡುವುದು ಮದುಮಗಳ ತಲೆ. ಕೂದಲನ್ನು ಬಿಗಿಯಾಗಿ ಎಳೆದು ಜಡೆ ಹಾಕಿ, ಬೈತಲೆಬೊಟ್ಟು ಇಟ್ಟಾಗ ಬೈತಲೆ ಅಗಲವಾಗಿ ಕಾಣುತ್ತದೆ, ಹಣೆಯ ಎರಡೂ ಪಕ್ಕ ಚರ್ಮ ಇಣುಕುತ್ತದೆ. ಧಾರೆ ಮುಗಿಯುವ ಹೊತ್ತಿಗೆ ಪುಡಿಗೂದಲೂ ಎದ್ದು ನಿಂತಿರುತ್ತದೆ. ಕೆನೆಬಣ್ಣದ ಪರದೆಯ ಮುಂದೆ ತೆಗೆದ ಅಂಥದೊಂದು ಫೋಟೊವನ್ನು ಫೋಟೊಶಾಪ್‌ನಲ್ಲಿ ತಿದ್ದುವ ಬಗೆ ನೋಡೋಣ.

ಮೊದಲು ಹಾರಾಡುವ ಎಳೆಗಳು. ಮೂಲ ಚಿತ್ರವನ್ನು ಮುಟ್ಟದೆ, ಅದರ ಮೇಲೆ ಖಾಲಿ ಲೇಯರ್ ಹಾಕಿಕೊಳ್ಳಿ. Clone Stamp ಆಯ್ದು, Sample ಎಂಬಲ್ಲಿ Current & Below, Mode ಎಂಬಲ್ಲಿ Lighten ಇಡಿ. Alt ಒತ್ತಿಕೊಂಡು ಎಳೆಯ ಪಕ್ಕದ ಪರದೆಯ ಮೇಲೆ ಕ್ಲಿಕ್ ಮಾಡಿ, ಆಮೇಲೆ ಎಳೆಯ ಮೇಲೆ ಬ್ರಷ್ ಆಡಿಸಿ. Lighten ಇರುವಾಗ ಪರದೆಗಿಂತ ಕಪ್ಪಾಗಿರುವುದು ಮಾತ್ರ ಬದಲಾಗುತ್ತದೆ. ಹಾಗಾಗಿ ಎಳೆ ಹೋಗುತ್ತದೆ, ಪರದೆಯ ನೆರಿಗೆ ಬಹುಮಟ್ಟಿಗೆ ಉಳಿಯುತ್ತದೆ. ಹಿಂದಿನ ಬೆಳಕಿಗೆ ಎಳೆಗಳೇ ಹೊಳೆಯುತ್ತಿದ್ದರೆ Darken ಬೇಕು. ಎಲ್ಲವನ್ನೂ ಅಳಿಸಿಬಿಟ್ಟರೆ ತಲೆಗೆ ಹೆಲ್ಮೆಟ್ ಹಾಕಿದ ಹಾಗಾಗುತ್ತದೆ. ದೂರಕ್ಕೆ ಹಾರಿದ್ದನ್ನೂ ಮುಖದ ಮೇಲೆ ಅಡ್ಡ ಬಂದದ್ದನ್ನೂ ತೆಗೆಯಿರಿ. ತಲೆಗೆ ಅಂಟಿಕೊಂಡಿರುವ ಸಣ್ಣ ಎಳೆಗಳನ್ನೂ ಮುಂಗುರುಳನ್ನೂ ಬಿಡಿ.

ತೆಳ್ಳಗಾದ ಜಾಗ ತುಂಬುವಾಗ ಹೆಚ್ಚಿನವರು ನೇರವಾಗಿ ಕೂದಲು ಬರೆಯಲು ಹೊರಡುತ್ತಾರೆ. ಆದರೆ ಆ ಜಾಗ ಕಣ್ಣಿಗೆ ಹೊಡೆಯುವುದು ಕಪ್ಪು ಕೂದಲಿನ ನಡುವೆ ಚರ್ಮ ಬೆಳ್ಳಗೆ ಹೊಳೆಯುವುದರಿಂದ. ಆದ್ದರಿಂದ ಮೊದಲು ಆ ಹೊಳಪನ್ನು ತಗ್ಗಿಸಬೇಕು. ಇನ್ನೊಂದು ಲೇಯರ್ ಹಾಕಿ, ಅದನ್ನು Multiply ಮಾಡಿ. ಕೂದಲ ಬುಡದ ಕಂದು ಬಣ್ಣ ತೆಗೆದುಕೊಂಡು, ಶೇ. 10ರಷ್ಟು ಅಪಾಸಿಟಿಯ ಮೆತ್ತನೆಯ ಬ್ರಷ್‌ನಲ್ಲಿ ಎರಡು ಮೂರು ಸಲ ಸವರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಬೈತಲೆಯನ್ನು ಪೂರ್ತಿ ಮುಚ್ಚಬೇಡಿ, ಸಣ್ಣ ಗೆರೆಯಾಗಿ ಅದು ಕಾಣಲೇಬೇಕು.

ಇನ್ನು ಕೂದಲು. ಚಿತ್ರವನ್ನು 100% ಗಾತ್ರದಲ್ಲಿ ನೋಡಿ, ಅಲ್ಲಿರುವ ಎಳೆ ಎಷ್ಟು ದಪ್ಪವೋ ಬ್ರಷ್ಷೂ ಅಷ್ಟೇ ಇರಲಿ. ಸಾಮಾನ್ಯವಾಗಿ ಎರಡು ಮೂರು ಪಿಕ್ಸೆಲ್ ಸಾಕು. ಬುಡದಿಂದ ತುದಿಗೆ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ತುದಿ ಸಣ್ಣಗಾಗಲಿ. ಪೆನ್ ಟ್ಯಾಬ್ಲೆಟ್ ಇದ್ದರೆ ಒತ್ತಡ ಸಡಿಲಿಸಿದಂತೆ ತುದಿ ತಾನೇ ಸಣ್ಣಗಾಗುತ್ತದೆ. ನಾಲ್ಕಾರು ಎಳೆಗೊಮ್ಮೆ ಪಕ್ಕದ ಕೂದಲಿಂದ ಬಣ್ಣ ಬದಲಿಸಿಕೊಳ್ಳಿ. ಹಣೆಯಂಚಿನ ಕೂದಲು ಗಿಡ್ಡ, ವಿರಳ; ಅದನ್ನು ಸಾಲಾಗಿ ನಿಲ್ಲಿಸಿದರೆ ವಿಗ್ ಎಂದು ಗೊತ್ತಾಗಿಬಿಡುತ್ತದೆ. ಬರೆದ ಎಳೆ ಉಳಿದದ್ದಕ್ಕಿಂತ ಚೂಪಾಗಿ ಕಂಡರೆ 0.3 ಅಥವಾ 0.5 ಪಿಕ್ಸೆಲ್ Gaussian Blur ಕೊಡಿ.

ಕೊನೆಗೆ ಚಿತ್ರವನ್ನು ಆಲ್ಬಮ್ ಹಾಳೆಯಷ್ಟು ಚಿಕ್ಕದು ಮಾಡಿ, ತಿದ್ದಿದ ಲೇಯರ್‌ಗಳನ್ನು ಆಫ್ ಮಾಡಿ ಆನ್ ಮಾಡಿ ನೋಡಿ. ಆನ್ ಆದಾಗ ಕಣ್ಣು ಮದುಮಗಳ ಮುಖಕ್ಕೆ ಹೋಗದೆ ಹಣೆಯಂಚಿಗೆ ಹೋದರೆ ಅಪಾಸಿಟಿ ತಗ್ಗಿಸಿ. ಪಾಸ್‌ಪೋರ್ಟ್, ವೀಸಾಕ್ಕೆ ಕೊಡುವ ಫೋಟೊದಲ್ಲಿ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ತಿದ್ದಿದ ಚಿತ್ರ ತಿರಸ್ಕೃತವಾಗಬಹುದು.